ಪರ್ಮಾಂಗನೇಟ್ ಟೈಟ್ರೇಷನ್: ಪರೀಕ್ಷೆಯ ಹಿಂದಿನ ಸಂಜೆಗೆ ಒಂದು ಪುಟ

ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಯಲ್ಲಿ ಆಕ್ಸಾಲಿಕ್ ಆಮ್ಲದ ಟೈಟ್ರೇಷನ್ ಬಂದರೆ ವಿದ್ಯಾರ್ಥಿಗಳು ಸೂತ್ರವನ್ನು ಉರು ಹೊಡೆದು ಬರುತ್ತಾರೆ. ಆದರೆ ಪರೀಕ್ಷಕರು ನೋಡುವುದು ಕೈಚಳಕವನ್ನು, ಕೇಳುವುದು ಅದರ ಕಾರಣವನ್ನು.

ಬ್ಯೂರೆಟ್ಟನ್ನು ಪರ್ಮಾಂಗನೇಟ್ ದ್ರಾವಣದಿಂದ, ಪಿಪೆಟ್ಟನ್ನು ಆಕ್ಸಾಲಿಕ್ ಆಮ್ಲದಿಂದ ತೊಳೆಯಿರಿ. ಕೋನಿಕಲ್ ಫ್ಲಾಸ್ಕನ್ನು ಮಾತ್ರ ಬರೀ ನೀರಿನಿಂದ ತೊಳೆಯಬೇಕು. ಆಮ್ಲದಿಂದ ತೊಳೆದರೆ ಅಳೆಯದ ಆಮ್ಲ ಒಳಗೆ ಉಳಿದು ಬ್ಯೂರೆಟ್ ರೀಡಿಂಗ್ ಏರುತ್ತದೆ. 0.05 M ಆಕ್ಸಾಲಿಕ್ ಆಮ್ಲವನ್ನು 10 ಮಿ.ಲೀ. ತೆಗೆದುಕೊಂಡು, ಅಷ್ಟೇ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಸೇರಿಸಿ, 50–60 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿ ಮಾಡಿ. ಕುದಿಸಿದರೆ ಆಕ್ಸಾಲಿಕ್ ಆಮ್ಲವೇ ವಿಭಜನೆಯಾಗತೊಡಗುತ್ತದೆ.

ಮೊದಲ ಹನಿಗಳ ಬಣ್ಣ ಬೇಗ ಮಾಯವಾಗುವುದಿಲ್ಲ. ಅನೇಕರು ಇಲ್ಲಿಯೇ ಗಾಬರಿಯಾಗಿ ಅದನ್ನು ಅಂತ್ಯಬಿಂದು ಎಂದು ಬರೆದುಬಿಡುತ್ತಾರೆ. ಫ್ಲಾಸ್ಕ್ ಅಲ್ಲಾಡಿಸುತ್ತಾ ಕಾಯಿರಿ. ಕ್ರಿಯೆಯಲ್ಲಿ ಹುಟ್ಟುವ ಮ್ಯಾಂಗನೀಸ್ (II) ಅಯಾನುಗಳೇ ಕ್ರಿಯೆಯನ್ನು ಚುರುಕುಗೊಳಿಸುತ್ತವೆ. ಇದೇ ಸ್ವಯಂ ವೇಗವರ್ಧನೆ. ನಂತರದ ಹನಿಗಳು ಬೀಳುತ್ತಲೇ ಬಣ್ಣ ಕಳೆದುಕೊಳ್ಳುತ್ತವೆ. ಒಂದೇ ಹನಿಗೆ ಬಂದ ತಿಳಿ ಗುಲಾಬಿ ಬಣ್ಣ ಅರ್ಧ ನಿಮಿಷ ನಿಂತರೆ ಅದೇ ಅಂತ್ಯಬಿಂದು.

ಗುಲಾಬಿಯ ಬದಲು ಕಂದು ಕದಡು ಕಂಡರೆ ಮ್ಯಾಂಗನೀಸ್ ಡೈಆಕ್ಸೈಡ್ ಉಂಟಾಗಿದೆ ಎಂದರ್ಥ. ಆಮ್ಲ ಸಾಲದಾಗಿದೆ, ಇಲ್ಲವೇ ನೀವು ಆತುರದಿಂದ ಸುರಿದಿದ್ದೀರಿ. ಆ ರೀಡಿಂಗನ್ನು ಕೈಬಿಡಿ.

| ಸಲ | ಆರಂಭ (ಮಿ.ಲೀ.) | ಕೊನೆ (ಮಿ.ಲೀ.) | ಬಳಸಿದ್ದು (ಮಿ.ಲೀ.) |
|---|---|---|---|
| 1 | 0.0 | 9.9 | 9.9 |
| 2 | 9.9 | 19.7 | 9.8 |
| 3 | 19.7 | 29.5 | 9.8 |

ಹೊಂದುವ ರೀಡಿಂಗ್ 9.8, ಮೂರರ ಸರಾಸರಿ ತೆಗೆಯಬೇಡಿ. ದ್ರಾವಣ ಗಾಢವಾಗಿರುವುದರಿಂದ ಬ್ಯೂರೆಟ್‌ನಲ್ಲಿ ದ್ರವದ ಮೇಲಂಚನ್ನು ಓದಬೇಕು. 2 ಮೋಲ್ ಪರ್ಮಾಂಗನೇಟ್‌ಗೆ 5 ಮೋಲ್ ಆಕ್ಸಾಲಿಕ್ ಆಮ್ಲ ಬೇಕು. ಹಾಗಾಗಿ ಪರ್ಮಾಂಗನೇಟ್‌ನ ಮೊಲಾರಿಟಿ:

```
M = (2 × 0.05 × 10) / (5 × 9.8) = 0.0204
```

ಇದನ್ನು 158ರಿಂದ ಗುಣಿಸಿದರೆ ಲೀಟರಿಗೆ 3.22 ಗ್ರಾಂ. 2 ಮತ್ತು 5 ಅದಲುಬದಲಾದರೆ ಉತ್ತರ ಆರು ಪಟ್ಟು ಮೀರುತ್ತದೆ.

ಇನ್ನು ವೈವಾ. ಸೂಚಕ ಏಕೆ ಬೇಡ? ಪರ್ಮಾಂಗನೇಟ್ ತಾನೇ ಸೂಚಕ. ಹೈಡ್ರೋಕ್ಲೋರಿಕ್ ಆಮ್ಲ ಏಕಾಗದು? ಪರ್ಮಾಂಗನೇಟ್ ಅದನ್ನು ಉತ್ಕರ್ಷಿಸಿ ಕ್ಲೋರಿನ್ ಬಿಡಿಸುವುದರಿಂದ ರೀಡಿಂಗ್ ಹೆಚ್ಚುತ್ತದೆ. ನೈಟ್ರಿಕ್ ಆಮ್ಲ? ಅದೇ ಉತ್ಕರ್ಷಕ; ರೀಡಿಂಗ್ ತಗ್ಗುತ್ತದೆ. ನನಗೆ ಇಷ್ಟದ ಪ್ರಶ್ನೆ ಬೇರೆ: ಮೋರ್ ಲವಣವನ್ನು ಏಕೆ ಬಿಸಿ ಮಾಡುವುದಿಲ್ಲ? ಅದರೊಂದಿಗಿನ ಕ್ರಿಯೆ ಕೋಣೆಯ ತಾಪದಲ್ಲೇ ವೇಗವಾಗಿ ನಡೆಯುತ್ತದೆ. ಬಿಸಿ ಮಾಡಿದರೆ ಗಾಳಿಯ ಆಮ್ಲಜನಕ ಫೆರಸ್ ಅಯಾನನ್ನು ಫೆರಿಕ್ ಮಾಡಿಬಿಡುತ್ತದೆ.