ಮೂರು ಸಾವಿರದಾಗ ಟೀಮಿಗೆ ಏನ್ ಕೊಡ್ಲಿ?

ಪ್ರಶ್ನೆ: ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಸಗಟು ವ್ಯಾಪಾರದ ಕಂಪನಿಯಲ್ಲಿ ಲೆಕ್ಕಪತ್ರ ವಿಭಾಗದ ಮ್ಯಾನೇಜರ್ ಇದ್ದೀನಿ. ಹಳೇ ಬಿಲ್ಲಿಂಗ್ ಸಾಫ್ಟ್‌ವೇರ್ ಬಿಟ್ಟು ಹೊಸದಕ್ಕೆ ಹೋಗೋ ಕೆಲಸ ಮಾರ್ಚ್ ಕೊನೆಗೆ ಮುಗೀತು. ಒಂಬತ್ತು ಮಂದಿ ಮೂರು ತಿಂಗಳು ಭಾನುವಾರನೂ ಬಂದು ದುಡಿದಾರ. ಕಂಪನಿಯಿಂದ ಏನೂ ಸಿಗೋಹಂಗಿಲ್ಲ. ನನ್ನ ಕೈಯಿಂದ ಮೂರು ಸಾವಿರ ಹಾಕ್ತೀನಿ. ಶಾಸ್ತ್ರಕ್ಕೆ ಕೊಟ್ಟ ಅನ್ನಿಸಬಾರದು. ಏನ್ ಕೊಡ್ಲಿ?

ಉತ್ತರ: ಮೊದಲು ಒಂದು ಮಾತು. ಭಾನುವಾರ ದುಡಿದದ್ದಕ್ಕೆ ಬರಬೇಕಾದ ಬದಲಿ ರಜೆ ಉಡುಗೊರೆಯಲ್ಲ, ಬಾಕಿ. ಅದನ್ನು ಹಾಜರಿ ಪುಸ್ತಕದಲ್ಲಿ ಏರಿಸಿ, ಯಾರು ಯಾವಾಗ ತಗೊಳ್ಳಬಹುದು ಅಂತ ಹೇಳಿಬಿಡಿ. ಬಾಕಿ ಉಳಿಸಿಕೊಂಡು ಪೇಢೆ ಹಂಚಿದರೆ ಎದುರಿಗೆ ಥ್ಯಾಂಕ್ಸ್ ಅಂದವರೇ ಚಹಾದಂಗಡಿಯಲ್ಲಿ ಬೇರೆ ಮಾತಾಡುತ್ತಾರೆ.

ಇನ್ನು ನಿಮ್ಮ ಮೂರು ಸಾವಿರ. ಮ್ಯಾನೇಜರುಗಳಿಗೆ ಥಟ್ಟನೆ ಹೊಳೆಯೋದು ಎರಡು: ಕಂಪನಿಯ ಹೆಸರು ಅಚ್ಚಾದ ಚಹಾ ಕಪ್ಪು, ಇಲ್ಲವೇ ಶನಿವಾರ ರಾತ್ರಿ ಹೋಟೆಲ್ ಊಟ. ಆ ಹೆಸರನ್ನು ಮೂರು ತಿಂಗಳು ನೋಡಿ ನೋಡಿ ಸಾಕಾದವರಿಗೆ ಕಪ್ಪಿನ ಮೇಲೂ ಅದೇ ಯಾಕೆ? ಊಟವಾದರೆ ಮನೆಯವರಿಂದ ಇನ್ನೊಂದು ಸಂಜೆ ಕಸಿದಂತೆ. ಗದಗಿನಿಂದ ದಿನಾ ರೈಲಿನಲ್ಲಿ ಬಂದು ಹೋಗುವವರು ಟೀಮಿನಲ್ಲಿದ್ದರೆ ಅವರು ಗಡಿಯಾರ ನೋಡುತ್ತಲೇ ಉಣ್ಣಬೇಕು.

ಆ ಮೂರು ತಿಂಗಳ ಭಾರ ಹೊತ್ತವರಲ್ಲಿ ಅರ್ಧ ಮಂದಿ ಆಫೀಸಿನಲ್ಲಿಲ್ಲ. ಮಗುವಿನ ಹುಟ್ಟುಹಬ್ಬಕ್ಕೆ ಅಪ್ಪ ಬರಲಿಲ್ಲ, ಅವ್ವನ ಆಸ್ಪತ್ರೆ ಓಡಾಟಕ್ಕೆ ತಮ್ಮ ಹೋದ. ಅದಕ್ಕೇ ನಾನು ಹೇಳೋದು, ಮನೆಗೆ ಹೋಗುವಂಥದ್ದು ಕೊಡಿ. ಚಹಾ ತರುವ ಹುಡುಗ, ರಾತ್ರಿ ಗೇಟು ತೆಗೆದ ವಾಚ್‌ಮನ್ ಇಬ್ಬರನ್ನೂ ಸೇರಿಸಿ. ಹನ್ನೊಂದು ಚೀಲ ಆದವು.

ಒಂದೊಂದು ಚೀಲಕ್ಕೆ ಕಾಲು ಕಿಲೋ ಧಾರವಾಡ ಪೇಢೆ. ಒಟ್ಟು ಎರಡೂ ಮುಕ್ಕಾಲು ಕಿಲೋ. ಕಿಲೋಗೆ 600 ರೂಪಾಯಿ ಹಿಡಿದರೂ 1,650 ಆಯಿತು. ಜೊತೆಗೆ ಒಂದು ಪೊಟ್ಟಣ ಶೇಂಗಾ ಚಟ್ನಿಪುಡಿ, ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳಿಂದ ತಗೊಳ್ಳಿ, 80ರಂತೆ 880. ಬಟ್ಟೆ ಚೀಲಕ್ಕೆ 30ರಂತೆ 330. ಉಳಿದ 140ರಲ್ಲಿ ಒಳ್ಳೆಯ ಕಾಗದ, ಲಕೋಟೆ. ದರ ನನ್ನ ಅಂದಾಜು, ಅಂಗಡಿಯಲ್ಲಿ ಕೇಳಿಕೊಳ್ಳಿ. ಸಕ್ಕರೆ ಕಾಯಿಲೆಯವರಿಗೆ ಪೇಢೆ ಬದಲು ಇನ್ನೆರಡು ಪೊಟ್ಟಣ ಚಟ್ನಿ. ಚೀಲ ಮಾತ್ರ ಎಲ್ಲರಿಗೂ ಒಂದೇ ತರದ್ದು. ಸೀನಿಯರ್‌ಗೆ ಅರ್ಧ ಕಿಲೋ, ಚಹಾದ ಹುಡುಗನಿಗೆ ನಾಲ್ಕು ಪೇಢೆ ಅಂತ ಮಾಡಿದರೆ ಮೂರು ಸಾವಿರ ನೀರಾಗಿ ಹೋಯಿತು. ಪೇಢೆ ಹಿಂದಿನ ದಿನವೇ ತಂದಿಟ್ಟುಕೊಳ್ಳಿ. ಧಾರವಾಡದ ಲೈನ್ ಬಜಾರಿನ ಹೆಸರಾದ ಅಂಗಡಿಯಿಂದಲೇ ಬೇಕು ಅಂದರೆ ಸರದಿ ನಿಲ್ಲಲು ಬೆಳಗ್ಗೆ ಬೇಗ ಹೋಗಬೇಕು. ಖೋವಾ ಕಂದುಬಣ್ಣ ಬರುವ ತನಕ ಹುರಿದು ಮಾಡಿದ ಸಿಹಿ ಅದು, ಒಂದು ರಾತ್ರಿಗೆ ಏನೂ ಆಗೋದಿಲ್ಲ.

ಖರೆ ಕೆಲಸ ಇರೋದು ಲಕೋಟೆಯೊಳಗಿನ ಚೀಟಿಯಲ್ಲಿ. ಹನ್ನೊಂದು ಚೀಟಿ, ನಿಮ್ಮ ಕೈಬರಹದಲ್ಲಿ, ನಾಲ್ಕೈದು ಸಾಲು. ಒಂದು ಸಂಜೆ ಕೂತು ಟೀಮಿನ ವಾಟ್ಸಾಪ್ ಗ್ರೂಪನ್ನು ಜನವರಿಯಿಂದ ಓದಿಕೊಂಡು ಬನ್ನಿ. ಯಾರು ಯಾವ ರಾತ್ರಿ ಏನು ಬಿಡಿಸಿದರು ಅನ್ನೋದೆಲ್ಲ ಅಲ್ಲೇ ಬಿದ್ದಿರುತ್ತದೆ. “ನಿಮ್ಮ ಶ್ರಮಕ್ಕೆ ಧನ್ಯವಾದ” ಅಂತ ಬರೆದರೆ ಹನ್ನೊಂದು ಮಂದಿಗೂ ಹೊಂದುತ್ತದೆ, ಅಂದರೆ ಯಾರಿಗೂ ಬರೆದಂತಲ್ಲ. ಹೀಗೆ ಬರೆಯಿರಿ: “ಹಳೇ ಬಾಕಿಯ ಮೊತ್ತ ಹೊಸದರಾಗ ತಾಳೆ ಆಗಲಿಲ್ಲ. ಎಲ್ಲಾರೂ ಮನಿಗೆ ಹೋದ ಮ್ಯಾಲೆ ನೀವು ಒಂದೊಂದು ಗಿರಾಕಿ ಖಾತೆ ತೆಗೆದು ನೋಡಿದ್ರಿ. ಒಂದೇ ಬಿಲ್ಲು ಎರಡು ಸಲ ಏರಿದ್ದು ಸಿಕ್ಕಿದ್ದು ನಿಮ್ಮಿಂದ. ಅವತ್ತು ನಿಮ್ಮನ್ನ ಕಾದು ಕೂತ ಮನಿಯವರಿಗೂ ನನ್ನ ನಮಸ್ಕಾರ ಹೇಳ್ರಿ.” ಹೆಸರು ಅಳಿಸಿ ಬೇರೆಯವರ ಹೆಸರು ಹಾಕಿ ಓದಿ ನೋಡಿ. ಆಗಲೂ ಸರಿ ಅನ್ನಿಸಿದರೆ ಚೀಟಿ ಹರಿದು ಮತ್ತೆ ಬರೆಯಿರಿ. ಒಬ್ಬರ ಬಗ್ಗೆ ಏನೂ ಹೊಳೆಯದಿದ್ದರೆ ಅವರ ಪಕ್ಕದ ಟೇಬಲಿನವರನ್ನು ಕೇಳಿ. ಹಾಗೆ ಕೇಳಬೇಕಾಗಿ ಬಂದರೆ ತಪ್ಪು ಆ ಮನುಷ್ಯನದಲ್ಲ, ಅವರ ಕೆಲಸ ನಿಮ್ಮ ಕಣ್ಣಿಗೆ ಬಿದ್ದಿಲ್ಲ ಅಷ್ಟೆ.

ಹಳೇ ತಪ್ಪುಗಳನ್ನು ಚೀಟಿಯಲ್ಲಿ ಎತ್ತಬೇಡಿ, “ಮುಂದೂ ಹಿಂಗ ದುಡೀರಿ” ಅಂತಲೂ ಬೇಡ. ಅದು ಮುಂದಿನ ಭಾನುವಾರಗಳಿಗೆ ಕೊಟ್ಟ ಮುಂಗಡದಂತೆ ಕೇಳುತ್ತದೆ.

ಕೆಲಸ ಮುಗಿದ ವಾರದೊಳಗೇ, ಶನಿವಾರ ಸಂಜೆ ಮನೆಗೆ ಹೊರಡುವ ಹೊತ್ತಿಗೆ ಕೊಡಿ. ಮೀಟಿಂಗ್ ಕರೆಯೋದು, ಫೋಟೋ ತೆಗೆಯೋದು ಬೇಡ. ಒಬ್ಬೊಬ್ಬರ ಟೇಬಲಿಗೆ ನೀವೇ ಹೋಗಿ ಕೈಗಿಡಿ. “ಚೀಟಿ ಮನ್ಯಾಗ ಹೋಗಿ ಓದ್ರಿ” ಅಂದರೆ ಸಾಕು. ವಾಚ್‌ಮನ್ ಪಾಳಿ ರಾತ್ರಿ ಎಂಟಕ್ಕೆ ಶುರುವಾಗೋದಾದರೆ ಅಲ್ಲಿಯವರೆಗೂ ನಿಂತಿರಿ. ಅವರಿಗೆ ಓದಲು ಬರದಿದ್ದರೆ ಚೀಟಿಯಲ್ಲಿರೋದನ್ನು ಗೇಟಿನ ಹತ್ತಿರ ನಿಂತು ಬಾಯಿಂದಲೇ ಹೇಳಿ, ಆಮೇಲೆ ಚೀಟಿಯನ್ನೂ ಕೊಡಿ. ಮನೆಯಲ್ಲಿ ಓದುವ ಮಕ್ಕಳು ಇದ್ದೇ ಇರುತ್ತಾರೆ.