ಒಂಬತ್ತು ತಿಂಗಳ ಮಗುವಿಗೆ ಹನ್ನೊಂದೂವರೆ ಗಂಟೆಯ ನಿದ್ದೆ ಸಾಕೇ?

ಪ್ರಶ್ನೆ: ನಮ್ಮ ಮಗುವಿಗೆ 9 ತಿಂಗಳು. ಹಗಲು, ರಾತ್ರಿ ಎರಡೂ ಸೇರಿ ಹನ್ನೊಂದೂವರೆ ಗಂಟೆಗಿಂತ ಹೆಚ್ಚು ನಿದ್ದೆ ಮಾಡುವುದಿಲ್ಲ. ಈ ವಯಸ್ಸಿಗೆ 14 ಗಂಟೆ ಬೇಕೆಂದು ಓದಿದ್ದೇವೆ. ರಾತ್ರಿ 7.30ಕ್ಕೇ ಮಲಗಿಸಿದರೂ ನಡುರಾತ್ರಿ ಎದ್ದು ಆಟಕ್ಕೆ ಕೂರುತ್ತದೆ. ಏನು ಮಾಡಬೇಕು?

ಉತ್ತರ: ವಯಸ್ಸು ಮಾತ್ರ ಬೇರೆಯಾಗಿ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿರುವುದರಿಂದ ಈ ಬಾರಿ ತುಸು ವಿವರವಾಗಿಯೇ ಬರೆಯುತ್ತೇನೆ. ಪಟ್ಟಿಗಳಲ್ಲಿ ಕಾಣುವ 14 ಗಂಟೆ ಎಂಬುದು ಸರಾಸರಿಯೇ ಹೊರತು ಪ್ರತಿ ಮಗುವೂ ಮುಟ್ಟಲೇಬೇಕಾದ ಗುರಿಯಲ್ಲ. ಸರಾಸರಿ ಎಂದ ಮೇಲೆ ಆರೋಗ್ಯವಂತ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಅದಕ್ಕಿಂತ ಕಡಿಮೆ ಮಲಗುವವರೇ ಆಗಿರುತ್ತಾರೆ. ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿ ಸುಮಾರು 500 ಮಕ್ಕಳನ್ನು ಹದಿಹರೆಯದವರೆಗೂ ಅನುಸರಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರು ತಿಂಗಳ ಮಕ್ಕಳ ಒಟ್ಟು ನಿದ್ದೆಯ ಸರಾಸರಿ 14 ಗಂಟೆಯ ಆಸುಪಾಸಿನಲ್ಲಿತ್ತು. ಆದರೆ ಹೆಚ್ಚುಕಡಿಮೆ ಎಲ್ಲ ಮಕ್ಕಳನ್ನೂ ಒಳಗೊಳ್ಳಬೇಕಾದರೆ ಹತ್ತೂವರೆಯಿಂದ 18 ಗಂಟೆಯವರೆಗಿನ ಹರವನ್ನು ಒಪ್ಪಿಕೊಳ್ಳಬೇಕಾಗಿತ್ತು. ಅಮೆರಿಕದ ನ್ಯಾಷನಲ್ ಸ್ಲೀಪ್ ಫೌಂಡೇಶನ್ 2015ರಲ್ಲಿ ಹೊರತಂದ ಶಿಫಾರಸು ಕೂಡ 4ರಿಂದ 11 ತಿಂಗಳ ಮಕ್ಕಳಿಗೆ 12ರಿಂದ 15 ಗಂಟೆ ಎಂದು ಹೇಳಿ, ಕೆಲವು ಮಕ್ಕಳಿಗೆ 10–11 ಗಂಟೆಯೂ, ಇನ್ನು ಕೆಲವರಿಗೆ 16–18 ಗಂಟೆಯೂ ಸರಿಹೊಂದಬಹುದು ಎಂದು ಸೇರಿಸುತ್ತದೆ. ಪಟ್ಟಿಯನ್ನು ನಕಲು ಮಾಡುವವರು ಈ ಎರಡನೆಯ ಭಾಗವನ್ನು ಬಿಟ್ಟುಬಿಡುತ್ತಾರೆ.

ಇದಕ್ಕಿಂತ ಹಟಮಾರಿಯಾದ ತಪ್ಪು ತಿಳಿವಳಿಕೆ ಇನ್ನೊಂದಿದೆ: ಬೇಗ ಮಲಗಿಸಿದರೆ ಮಗು ಹೆಚ್ಚು ಹೊತ್ತು ನಿದ್ದೆ ಮಾಡುತ್ತದೆ ಎಂಬುದು. ದಣಿವು ಮೀರಿ ರಚ್ಚೆ ಹಿಡಿಯುವ ಮಗುವಿಗೆ ಅರ್ಧ ಗಂಟೆ ಮೊದಲೇ ಮಲಗುವುದರಿಂದ ಅನುಕೂಲವಾಗುವುದುಂಟು. ಆದರೆ ಒಂದು ಮಗುವಿಗೆ ದಿನಕ್ಕೆ ಬೇಕಾದ ಒಟ್ಟು ನಿದ್ದೆಯನ್ನು ಹಾಸಿಗೆಯ ಅವಧಿ ಹಿಗ್ಗಿಸಿ ಹೆಚ್ಚಿಸಲು ಬರುವುದಿಲ್ಲ. ಹೆಚ್ಚಿಗೆ ಕೊಟ್ಟ ಸಮಯ ಎಚ್ಚರವಾಗಿಯೇ ಹೊರಬೀಳುತ್ತದೆ: ಮಲಗುವಾಗಿನ ಅಳುವಾಗಿ, ನಡುರಾತ್ರಿಯ ಆಟವಾಗಿ ಅಥವಾ ನಸುಕಿಗೆ ಮುಂಚಿನ ಎಚ್ಚರವಾಗಿ.

ನಿಮ್ಮ ಮಗುವಿನ ಲೆಕ್ಕವನ್ನೇ ನೋಡೋಣ. ಹಗಲಿನ ಎರಡು ನಿದ್ದೆಗಳು ಸೇರಿ 2 ಗಂಟೆ ಎಂದಿಟ್ಟುಕೊಳ್ಳಿ. ಆಗ ರಾತ್ರಿಗೆ ಉಳಿಯುವುದು ಒಂಬತ್ತೂವರೆ ಗಂಟೆ. 7.30ಕ್ಕೆ ಮಲಗಿಸಿ ಬೆಳಿಗ್ಗೆ 7ಕ್ಕೆ ಏಳಲೆಂದು ಬಯಸಿದರೆ ಹಾಸಿಗೆಯ ಅವಧಿ ಹನ್ನೊಂದೂವರೆ ಗಂಟೆಯಾಗುತ್ತದೆ. ಹೆಚ್ಚಾದ ಆ 2 ಗಂಟೆಗಳಲ್ಲಿ 40 ನಿಮಿಷ ನಿದ್ದೆ ಹತ್ತಿಸುವುದರಲ್ಲಿ ಕಳೆದರೆ, ಉಳಿದ 80 ನಿಮಿಷ ನಡುರಾತ್ರಿ ನಿಮ್ಮೆದುರು ಎದ್ದು ಕೂರುತ್ತದೆ. ಮಗುವಿಗೆ ನಿದ್ದೆಯ ದೋಷವಿಲ್ಲ. ಹಾಸಿಗೆಯ ವೇಳಾಪಟ್ಟಿ ಅದರ ನಿದ್ದೆಗಿಂತ ಉದ್ದವಾಗಿದೆ, ಅಷ್ಟೆ.

ಒಂದು ವಾರ ನಿಜವಾಗಿ ನಿದ್ದೆಯಲ್ಲಿದ್ದ ಸಮಯವನ್ನು ಮಾತ್ರ ಬರೆದಿಟ್ಟು ದಿನದ ಸರಾಸರಿ ತೆಗೆಯಿರಿ. ಒಂದೇ ದಿನದ ಅಂಕಿಯನ್ನು ನೆಚ್ಚಬೇಡಿ, ಏಕೆಂದರೆ ಅದೇ ಮಗುವಿನ ನಿದ್ದೆ ದಿನದಿಂದ ದಿನಕ್ಕೆ ಏರಿಳಿಯುವುದು ಸಹಜ. ಬಳಿಕ ಬೆಳಿಗ್ಗೆ ಏಳುವ ಹೊತ್ತನ್ನು 7ಕ್ಕೇ ಬಿಗಿಯಾಗಿಟ್ಟು, ಮಲಗಿಸುವ ಹೊತ್ತನ್ನು ಎರಡು ಮೂರು ದಿನಕ್ಕೊಮ್ಮೆ 15 ನಿಮಿಷದಂತೆ 9 ಗಂಟೆಯವರೆಗೆ ಮುಂದೂಡುತ್ತ ಹೋಗಿ. ನಡುರಾತ್ರಿಯ ಎಚ್ಚರ ಕುಗ್ಗಿ, ಹಗಲಿನಲ್ಲಿ ಮಗು ಲವಲವಿಕೆಯಿಂದಿದ್ದರೆ ಅದಕ್ಕೆ ಬೇಕಾದದ್ದು ಹನ್ನೊಂದೂವರೆ ಗಂಟೆಯೇ ಎಂದು ತಿಳಿಯಿರಿ. ಹಗಲೆಲ್ಲ ತೂಕಡಿಸುತ್ತ ಕಿರಿಕಿರಿ ಮಾಡತೊಡಗಿದರೆ ಅರ್ಧ ಗಂಟೆ ಹಿಂದಕ್ಕೆ ಬನ್ನಿ. ಗೊರಕೆ, ನಿದ್ದೆಯಲ್ಲಿ ಉಸಿರು ಕಟ್ಟಿದಂತಾಗುವುದು, ತೂಕ ಏರದಿರುವುದು ಕಂಡುಬಂದರೆ ಗಂಟೆಗಳ ಲೆಕ್ಕ ಬದಿಗಿಟ್ಟು ಮಕ್ಕಳ ವೈದ್ಯರಿಗೆ ತೋರಿಸಬೇಕು. ಹಾಗೆಯೇ, ಹಾಲುಣ್ಣುವುದಕ್ಕೂ ಏಳದಷ್ಟು ಮಲಗುವ ನವಜಾತ ಶಿಶುವನ್ನು ತಡಮಾಡದೆ ತೋರಿಸಬೇಕು.

ಮನೆಯ ಹಿರಿಯರ ವಿಚಾರವನ್ನು ಯಾರೂ ಕೇಳಿಲ್ಲ. ಆದರೂ ಇದೇ ಲೆಕ್ಕ ಅವರಿಗೂ ಅನ್ವಯಿಸುತ್ತದೆ. ಅರವತ್ತೈದು ದಾಟಿದವರಿಗೆ ಅದೇ 2015ರ ಶಿಫಾರಸು 7ರಿಂದ 8 ಗಂಟೆ. ಕೆಲವರಿಗೆ 5–6 ಗಂಟೆಯೂ ಸಾಲಬಹುದು, ಕೆಲವರಿಗೆ 9 ಬೇಕಾಗಬಹುದು. ರಾತ್ರಿ 8.30ಕ್ಕೆ ಮಲಗಿ 3.30ಕ್ಕೆ ಎಚ್ಚರವಾಯಿತೆಂದು ಕೊರಗುವವರು ಆ ಹೊತ್ತಿಗಾಗಲೇ 7 ಗಂಟೆ ನಿದ್ದೆ ಮಾಡಿರುತ್ತಾರೆ. ಹಗಲಿನಲ್ಲಿ ತೂಕಡಿಕೆ ಇಲ್ಲದಿದ್ದರೆ ಅವರಿಗೆ ಮೊದಲು ಬೇಕಾಗಿರುವುದು ನಿದ್ದೆಯ ಮಾತ್ರೆಯಲ್ಲ. ಸಂಜೆ ಬೆಳಕಿನಲ್ಲಿ ಹೆಚ್ಚು ಹೊತ್ತು ಇದ್ದು, ಮಲಗುವ ಸಮಯವನ್ನು ಸ್ವಲ್ಪ ಸ್ವಲ್ಪವಾಗಿ 10ರತ್ತ ಸರಿಸಿದರೆ, ಏಳುವ ಸಮಯವೂ ನಿಧಾನವಾಗಿ 5ರತ್ತ ಸರಿಯುತ್ತದೆ.