ಓಕೆ ಒತ್ತಿದ ಮೇಲೆ ಆ ಮೆಸೇಜ್ ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡಿದಾಗ ಮೀಟರ್‌ನಲ್ಲಿ ಹಳದಿ ಬಣ್ಣದ ಒಂದು ಮೆಸೇಜ್ ಬಂತು. ಆಫೀಸಿಗೆ ತಡವಾಗಿತ್ತು, ಓಕೆ ಒತ್ತಿಬಿಟ್ಟೆ, ಹೋಯಿತು. ಏನು ಬರೆದಿತ್ತು ಅಂತ ಮತ್ತೆ ನೋಡೋದು ಹೇಗೆ? ಹೋಗಿದೆ ಅಂದ್ರೆ ಸರಿ ಆಗಿದೆ ಅಂತಾನಾ?
— ಒಬ್ಬ ಓದುಗರು, ವಾಕಡ್, ಪುಣೆ

ಎರಡನೇ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಇಲ್ಲ. ಸರಿ ಆಗಿಲ್ಲ. ಚಿಂಚವಡದಲ್ಲಿ ಗಾಡಿಗಳ ವೈರಿಂಗ್ ಕೆಲಸ ಶುರು ಮಾಡಿ ಹದಿನೆಂಟು ವರ್ಷ ಆಯಿತು. ಮೀಟರ್‌ನಲ್ಲಿ ಮುಳ್ಳು ಹೋಗಿ ಸ್ಕ್ರೀನ್ ಬಂದಾಗಿನಿಂದ ವಾರಕ್ಕೆ ಎರಡು ಸಲವಾದರೂ ಈ ಮಾತು ಹೇಳುತ್ತಿದ್ದೇನೆ. ಇವತ್ತು ಬರೆದೇ ಬಿಡುತ್ತೇನೆ, ಮುಂದಿನ ಸಲ ಕೇಳಿದವರಿಗೆ ಇದನ್ನೇ ಕಳಿಸಬಹುದು.

ನಿಮ್ಮ ಸೊಸೈಟಿಯ ಗೇಟ್ ನೆನಪಿಸಿಕೊಳ್ಳಿ. ಯಾರೋ ಬಂದಿದ್ದಾರೆ ಅಂತ ವಾಚ್‌ಮನ್ ಇಂಟರ್‌ಕಾಮ್ ಮಾಡುತ್ತಾನೆ. ನೀವು "ಹಾಂ ಹಾಂ, ಗೊತ್ತಾಯ್ತು" ಅಂತ ಫೋನ್ ಇಡುತ್ತೀರಿ. ಗಂಟೆ ನಿಂತಿತು. ಬಂದವನು ಹೋದನಾ? ಗೇಟ್ ಹತ್ತಿರವೇ ನಿಂತಿದ್ದಾನೆ. ವಾಚ್‌ಮನ್ ಹತ್ತಿರ ಇರುವ ರಿಜಿಸ್ಟರ್‌ನಲ್ಲಿ ಅವನ ಹೆಸರು, ಬಂದ ಹೊತ್ತು ಎರಡೂ ಇವೆ. ಸ್ಕ್ರೀನ್ ಮೇಲೆ ಬರುವ ಮೆಸೇಜ್ ಅಂದರೆ ಆ ಇಂಟರ್‌ಕಾಮ್ ಗಂಟೆ. ಓಕೆ ಬಟನ್ ಅಂದರೆ "ಗೊತ್ತಾಯ್ತು". ಗೇಟ್ ಹತ್ತಿರ ನಿಂತವನು ಪಕ್ಕದಲ್ಲಿ ಉರಿಯುವ ಐಕಾನ್. ರಿಜಿಸ್ಟರ್ ಇರುವುದು ಗಾಡಿಯ ಕಂಪ್ಯೂಟರ್ ಒಳಗೆ. ಅದಕ್ಕೆ ನಿಮ್ಮ ಓಕೆ ತಲುಪುವುದೇ ಇಲ್ಲ. ಆ ಬಟನ್‌ಗೆ ಇರುವ ಕೆಲಸ ಒಂದೇ, ಸ್ಕ್ರೀನ್ ಮೇಲಿನ ಅಕ್ಷರ ಸರಿಸಿ ಜಾಗ ಖಾಲಿ ಮಾಡುವುದು.

ಇಷ್ಟು ಹೇಳಿದರೂ ನಂಬದವರಿದ್ದಾರೆ. ಯಾಕೆ ನಂಬುವುದಿಲ್ಲ ಅನ್ನುವುದೂ ನನಗೆ ಗೊತ್ತು. ಬೆಳಿಗ್ಗೆ ಓಕೆ ಒತ್ತುತ್ತಾರೆ, ಆಮೇಲೆ ಇಡೀ ದಿನ ಆ ಮೆಸೇಜ್ ಬರುವುದಿಲ್ಲ. "ನೋಡಿ, ಹೋಯ್ತಲ್ಲ" ಅನ್ನುತ್ತಾರೆ. ನನಗೆ ಚೆನ್ನಾಗಿ ಪರಿಚಯ ಇರುವ ಧಾರವಾಡದ ಕಾಕಾ ಒಬ್ಬರಿದ್ದಾರೆ, ಕೋಥ್ರೂಡ್‌ನಲ್ಲಿ ಮನೆ. ಅವರ ಗಾಡಿಯಲ್ಲಿ ಇಂಜಿನ್ ತಣ್ಣಗಿಡುವ ಕೂಲಂಟ್ ಕಡಿಮೆ ಇದೆ, ನೋಡಿ ಅನ್ನುವ ಹಳದಿ ಮೆಸೇಜ್ ಎಂಟು ದಿನ ಬಂದಿತ್ತು. ಒಂಬತ್ತನೇ ದಿನ ಮನೆಯವರನ್ನೆಲ್ಲ ಕೂರಿಸಿಕೊಂಡು ಊರಿಗೆ ಹೊರಟರು. ಖಂಬಾಟ್ಕಿ ಘಾಟ್ ಏರುವಾಗ ಮೀಟರ್‌ನಲ್ಲಿ ಕೆಂಪು ಥರ್ಮಾಮೀಟರ್ ಚಿತ್ರ ಉರಿಯಿತು, ಬೀಪ್ ಶುರುವಾಯಿತು. ಅಲ್ಲಿಂದ ನನಗೆ ಫೋನ್.

"ದಿನಾ ಬರ್ತಿತ್ತು ತಮ್ಮಾ. ಓಕೆ ಒತ್ತಿದ್ರ ಹೋಗ್ತಿತ್ತು. ಹೋತು ಅಂದ್ರ ಸರಿ ಆತು ಅಂತ ತಿಳಕೊಂಡೆ. ಇವತ್ತ ಒತ್ತಿದ್ರೂ ಹೋಗವಲ್ದು."

"ಕಾಕಾ, ಮೊದಲ ಗಾಡಿ ಸೈಡಿಗೆ ಹಾಕ್ರಿ, ಇಂಜಿನ್ ಬಂದ್ ಮಾಡ್ರಿ. ಬಾನೆಟ್ ತೆಗೀರಿ, ಆದ್ರ ಕೂಲಂಟ್ ಟ್ಯಾಂಕಿನ ಮುಚ್ಚಳಕ್ಕ ಕೈ ಹಚ್ಚಬ್ಯಾಡ್ರಿ."

ಎಂಟು ದಿನ ಏನಾಗಿತ್ತು ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ತಪ್ಪು ನಂಬಿಕೆ ಹುಟ್ಟುವುದೇ ಇಲ್ಲಿ. ಬಾನೆಟ್ ಕೆಳಗೆ ಕೂಲಂಟ್‌ನ ಅರೆಪಾರದರ್ಶಕ ಪ್ಲಾಸ್ಟಿಕ್ ಟ್ಯಾಂಕ್ ಇರುತ್ತದೆ, ಮೇಲೆ MIN, MAX ಗೆರೆಗಳು. ಇಂಥ ಮೆಸೇಜ್ ಬರುವ ಗಾಡಿಗಳಲ್ಲಿ ಆ ಟ್ಯಾಂಕ್‌ಗೆ ಒಂದು ಸೆನ್ಸರ್ ಇರುತ್ತದೆ. ದ್ರವ ಅದಕ್ಕಿಂತ ಕೆಳಗೆ ಹೋದರೆ ಮೀಟರ್‌ಗೆ ಸುದ್ದಿ ಹೋಗುತ್ತದೆ. ಕಾಕಾ ಅವರ ಗಾಡಿಯಲ್ಲಿ ಒಂದು ಹೋಸ್‌ನ ಕ್ಲಿಪ್ ಸಡಿಲಾಗಿ, ದಿನಕ್ಕೆ ಸ್ವಲ್ಪ ಸ್ವಲ್ಪ ಸೋರುತ್ತಿತ್ತು. ನೆಲದ ಮೇಲೆ ಹನಿ ಬೀಳುವಷ್ಟೂ ಅಲ್ಲ. ಬಿಸಿ ಹೋಸ್ ಮೇಲೆಯೇ ಒಣಗಿ ಗುಲಾಬಿ ಬಣ್ಣದ ಹಕ್ಕಳೆ ಕಟ್ಟಿತ್ತು, ಅಷ್ಟೇ. ಬೆಳಿಗ್ಗೆ ಇಂಜಿನ್ ತಣ್ಣಗಿರುತ್ತದೆ, ದ್ರವ ಕುಗ್ಗಿರುತ್ತದೆ, ಮಟ್ಟ ಸೆನ್ಸರ್‌ಗಿಂತ ಕೆಳಗೆ. ಮೆಸೇಜ್ ಬರುತ್ತದೆ. ಹತ್ತು ಹದಿನೈದು ನಿಮಿಷ ಓಡಿಸಿದ ಮೇಲೆ ಕೂಲಂಟ್ ಬಿಸಿಯಾಗಿ ಹಿಗ್ಗುತ್ತದೆ, ಮಟ್ಟ ಮೇಲೆ ಬರುತ್ತದೆ. ಈಗ ಸೆನ್ಸರ್‌ಗೆ ದೂರಿಲ್ಲ. ಮಧ್ಯಾಹ್ನ ಮತ್ತೆ ಸ್ಟಾರ್ಟ್ ಮಾಡಿದರೂ ಇಂಜಿನ್ ಇನ್ನೂ ಬಿಸಿ, ಮೆಸೇಜ್ ಇಲ್ಲ. ಓಕೆ ಒತ್ತದೇ ಸುಮ್ನೆ ಕೂತಿದ್ದರೂ ಇದೇ ಆಗುತ್ತಿತ್ತು. ಹೆಸರು ಮಾತ್ರ ಬಟನ್‌ಗೆ ಬಂತು.

ಇಲ್ಲಿ ಒಂದು ಮಾತು ಸೇರಿಸಬೇಕು. ಸೊಸೈಟಿಯ ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿದ್ದರೆ ಟ್ಯಾಂಕ್ ಓರೆಯಾಗಿ, ಕೂಲಂಟ್ ಸಾಕಷ್ಟು ಇದ್ದರೂ ಈ ಮೆಸೇಜ್ ಬರಬಹುದು. ಹಾಗಂತ ಊಹಿಸಿ ಬಿಡಬೇಡಿ. ಗಾಡಿಯನ್ನು ಸಮತಟ್ಟು ಜಾಗಕ್ಕೆ ತನ್ನಿ, ತಣ್ಣಗಾಗಲಿ, ಟಾರ್ಚ್ ಹಿಡಿದು ಗೆರೆ ನೋಡಿ. ಎರಡು ನಿಮಿಷದ ಕೆಲಸ. ಕಾಕಾ ಮೊದಲ ದಿನವೇ ಇದನ್ನು ಮಾಡಿದ್ದರೆ ಒಂದು ಕ್ಲಿಪ್ ಬಿಗಿ ಮಾಡಿ ಮುಗಿಯುತ್ತಿತ್ತು. ಘಾಟ್‌ನಲ್ಲಿ ಅವರು ಒಂದು ಗಂಟೆ ಕಾದರು. ಆ ವ್ಯವಸ್ಥೆ ಒಳಗೆ ಕುಕ್ಕರ್ ಹಾಗೆ ಒತ್ತಡ ಇರುತ್ತದೆ, ಬಿಸಿ ಇರುವಾಗ ಮುಚ್ಚಳ ತಿರುಗಿಸಿದರೆ ಮುಖಕ್ಕೇ ಚಿಮ್ಮುತ್ತದೆ. ಆಮೇಲೆ ಟ್ಯಾಂಕ್ ತುಂಬಲು ಒಂದು ಲೀಟರ್‌ಗೂ ಮೇಲೆ ಹಿಡಿಸಿತು.

ಕೆಂಪು ಮೆಸೇಜ್ ಓಕೆ ಒತ್ತಿದರೂ ಹೋಗಲಿಲ್ಲ ಅಂದರಲ್ಲ, ಅದು ಬಟನ್ ಕೆಟ್ಟಿದ್ದಲ್ಲ. ತುಂಬಾ ಗಾಡಿಗಳಲ್ಲಿ ಹಳದಿಯನ್ನು ಸರಿಸಬಹುದು, ಗಂಭೀರವಾದ ಕೆಂಪನ್ನು ಸರಿಸಲಾಗುವುದಿಲ್ಲ. ಸರಿಸಿದರೂ ಸ್ವಲ್ಪ ಹೊತ್ತಿಗೆ ವಾಪಸ್ ಬರುತ್ತದೆ. ಬೇಕಂತಲೇ ಹಾಗೆ ಮಾಡಿದ್ದಾರೆ.

ಈಗ ಮೊದಲ ಪ್ರಶ್ನೆ: ಮತ್ತೆ ನೋಡೋದು ಹೇಗೆ? ಸ್ಟೀರಿಂಗ್ ಮೇಲೆ ಓಕೆ ಒತ್ತಿದ ಜಾಗದಲ್ಲೇ ಬಾಣದ ಗುರುತಿನ ಬಟನ್ ಅಥವಾ ಹೆಬ್ಬೆರಳಿನಿಂದ ತಿರುಗಿಸುವ ಚಕ್ರ ಇರುತ್ತದೆ. ಗಾಡಿ ನಿಲ್ಲಿಸಿ, ಇಗ್ನಿಷನ್ ಆನ್ ಇಟ್ಟುಕೊಂಡು, ಮೀಟರ್‌ನ ಪುಟಗಳನ್ನು ಒಂದೊಂದಾಗಿ ದಾಟಿ. ಮೈಲೇಜ್, ಟ್ರಿಪ್, ಟೈರ್ ಗಾಳಿ ಎಲ್ಲಾ ಬರುತ್ತವೆ. ಅವುಗಳ ನಡುವೆ ಪುಟ್ಟ ಕಾರಿನ ಚಿತ್ರ ಅಥವಾ ತ್ರಿಕೋನದೊಳಗೆ ಆಶ್ಚರ್ಯ ಚಿಹ್ನೆ ಇರುವ ಪುಟ ಸಿಗುತ್ತದೆ. ಸರಿಸಿದ ಮೆಸೇಜ್‌ಗಳು ಅಲ್ಲಿರುತ್ತವೆ. ಸ್ಕೋಡಾ, ಫೋಕ್ಸ್‌ವ್ಯಾಗನ್ ಗಾಡಿಗಳಲ್ಲಿ ಅದರ ಹೆಸರು Vehicle Status. ಬಿಎಂಡಬ್ಲ್ಯುನಲ್ಲಿ Check Control. ಹ್ಯುಂಡೈ, ಕಿಯಾದವರು ಮಾಸ್ಟರ್ ವಾರ್ನಿಂಗ್ ಅನ್ನುತ್ತಾರೆ. ಅಲ್ಲಿ ಆ ಪುಟದ ಜೊತೆಗೆ ಒಂದು ಐಕಾನ್ ಕೂಡ ಉರಿಯುತ್ತಿರುತ್ತದೆ, ಕಾರಣ ಸರಿ ಆದರೆ ಮಾತ್ರ ಆರುತ್ತದೆ. ಒಂದಕ್ಕಿಂತ ಹೆಚ್ಚು ಮೆಸೇಜ್ ಇದ್ದರೆ ಮೇಲೆ ಕೆಳಗೆ ಮಾಡಿ ಪೂರ್ತಿ ಓದಿ. ಮೊದಲನೆಯದನ್ನು ಓದಿ ಎದ್ದು ಹೋಗುವವರೇ ಜಾಸ್ತಿ.

ಆ ಪುಟ ಖಾಲಿ ಇದ್ದರೆ? ಖಾಲಿ ಅಂದರೆ ಏನೂ ಇಲ್ಲ ಅಂತ ಅಲ್ಲ. ಈ ಪಟ್ಟಿಗೆ ನೆನಪು ಕಡಿಮೆ. ಕೆಲವು ಗಾಡಿಗಳಲ್ಲಿ ಇಗ್ನಿಷನ್ ಆಫ್ ಮಾಡಿದ ಕೂಡಲೇ ಸಣ್ಣಪುಟ್ಟ ಮೆಸೇಜ್‌ಗಳೆಲ್ಲ ಅಳಿಸಿ ಹೋಗುತ್ತವೆ, ಗಂಭೀರವಾದವು ಮಾತ್ರ ಉಳಿಯುತ್ತವೆ. ನೀವು ಸಂಜೆ ಮನೆಗೆ ಬಂದು ಹುಡುಕಿದರೆ ಸಿಗದಿರುವುದು ಅದಕ್ಕೇ. ಆಗ ಬೆಳಿಗ್ಗೆಯ ಸ್ಥಿತಿಯನ್ನೇ ಮತ್ತೆ ತನ್ನಿ: ರಾತ್ರಿಯಿಡೀ ನಿಂತ ತಣ್ಣನೆ ಗಾಡಿ, ಅದೇ ಜಾಗ. ಇಗ್ನಿಷನ್ ಆನ್ ಮಾಡಿ, ಫೋನ್ ಕ್ಯಾಮೆರಾ ಮೀಟರ್ ಕಡೆ ಹಿಡಿದು ವಿಡಿಯೋ ಮಾಡಿಕೊಳ್ಳಿ. ಕಾರಣ ಇನ್ನೂ ಇದ್ದರೆ ಮೆಸೇಜ್ ಬಂದೇ ಬರುತ್ತದೆ. ಗ್ಯಾರೇಜಿಗೆ "ಏನೋ ಹಳದಿ ಬಂತು" ಅಂತ ಬರುವವರಿಗಿಂತ ಆ ಹತ್ತು ಸೆಕೆಂಡಿನ ವಿಡಿಯೋ ತರುವವರ ಕೆಲಸ ಬೇಗ ಆಗುತ್ತದೆ.

ಹಾಗಾದರೆ ಐಕಾನ್ ಯಾಕೆ, ಮೆಸೇಜ್ ಒಂದೇ ಸಾಕಲ್ವಾ ಅಂತ ಕೆಲವರು ಕೇಳುತ್ತಾರೆ. ಸಾಲದು. ಎರಡೂ ಬೇರೆ ಬೇರೆ ವಿಷಯ ಹೇಳುತ್ತವೆ. ಎಣ್ಣೆ ಗಿಂಡಿಯ ಚಿತ್ರ ಕೆಂಪಗೆ ಉರಿದರೆ ಆಯಿಲ್ ಒತ್ತಡ ಇಲ್ಲ ಅಂತ, ಆ ಕ್ಷಣವೇ ಇಂಜಿನ್ ನಿಲ್ಲಿಸಬೇಕು. ಅದೇ ಗಿಂಡಿ ಹಳದಿ ಆದರೆ ಸಾಮಾನ್ಯವಾಗಿ ಆಯಿಲ್ ಮಟ್ಟದ ಮಾತು, ಪೆಟ್ರೋಲ್ ಪಂಪ್‌ವರೆಗೆ ಹೋಗಿ ನೋಡಬಹುದು. ಇಲ್ಲಿ ಅಕ್ಷರಕ್ಕಿಂತ ಬಣ್ಣ ಬೇಗ ತಲುಪುತ್ತದೆ. ಟೈರ್ ವಿಷಯದಲ್ಲಿ ಉಲ್ಟಾ. ಕುದುರೆ ಲಾಳದ ಚಿತ್ರ ಯಾವುದೋ ಟೈರ್‌ನಲ್ಲಿ ಗಾಳಿ ಕಡಿಮೆ ಅನ್ನುತ್ತದೆ ಅಷ್ಟೇ, ಯಾವ ಟೈರ್ ಅಂತ ಹೇಳುವುದು ಮೆಸೇಜ್. ಇನ್ನು ಮುಂಬೈಯಲ್ಲಿ ಟ್ಯಾಕ್ಸಿ ಓಡಿಸುವ ನಮ್ಮ ಕಲಬುರಗಿ ಕಡೆಯ ಹುಡುಗರು ಎಷ್ಟು ಜನ ಇದ್ದಾರೆ. ಮೆಸೇಜ್ ಬರುವುದು ಇಂಗ್ಲಿಷಿನಲ್ಲಿ. ಅವರಿಗೆ ಚಿತ್ರವೇ ಭಾಷೆ, ಅದು ಯಾವ ಕಂಪನಿಯ ಗಾಡಿಯಲ್ಲೂ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ.

ಯಾರೂ ಕೇಳದ ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ, ರಿಜಿಸ್ಟರ್ ಮಾತು ಬಂತಲ್ಲ ಅಂತ. ಪುಣೆಯಲ್ಲಿ ಹಳೆ ಗಾಡಿ ಕೊಳ್ಳುವಾಗ ಮೀಟರ್ ಕ್ಲೀನ್ ಇದೆ ಅಂತ ಖುಷಿ ಪಡುವವರು ತುಂಬಾ. ಇಂಜಿನ್ ಲೈಟ್ ಮೂರು ಸಲದ ಓಡಾಟದಲ್ಲಿ ದೋಷ ಮತ್ತೆ ಕಾಣದಿದ್ದರೆ ತಾನೇ ಆರುತ್ತದೆ. ಆದರೆ ದೋಷದ ಕೋಡ್ ಒಳಗಡೆ ಉಳಿಯುತ್ತದೆ. ಇಂಜಿನ್ ತಣ್ಣಗಿಂದ ಬಿಸಿಯಾಗುವ ಸುತ್ತು ಸುಮಾರು 40 ಸಲ ದೋಷವಿಲ್ಲದೆ ಮುಗಿದ ಮೇಲೆ ಅಳಿಸುತ್ತದೆ. ದಿನಾ ಆಫೀಸಿಗೆ ಹೋಗಿ ಬರುವ ಗಾಡಿಯಲ್ಲೂ ಅದಕ್ಕೆ ಕೆಲವು ವಾರ ಬೇಕು. ಅಷ್ಟು ತಾಳ್ಮೆ ಇಲ್ಲದ ಮಾರಾಟಗಾರ ಸ್ಕ್ಯಾನರ್ ಹಾಕಿ ಎಲ್ಲಾ ಅಳಿಸಿ ತೋರಿಸುತ್ತಾನೆ. ಅಲ್ಲೂ ಒಂದು ಗುರುತು ಉಳಿಯುತ್ತದೆ. ಗಾಡಿ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಂಡ ಲೆಕ್ಕಗಳೂ ಕೋಡ್ ಜೊತೆಗೇ ಅಳಿಸುತ್ತವೆ, ಮತ್ತೆ ತುಂಬಲು ಕೆಲವು ದಿನದ ಓಡಾಟ ಬೇಕು. ನಿಮ್ಮ ಮೆಕ್ಯಾನಿಕ್‌ಗೆ ಸ್ಕ್ಯಾನರ್‌ನಲ್ಲಿ ಈ ಲೆಕ್ಕ ತೋರಿಸುವ ರೆಡಿನೆಸ್ ಪುಟ ತೆಗೆಯಲು ಹೇಳಿ. ಅರ್ಧಕ್ಕರ್ಧ ಪರೀಕ್ಷೆ ಮುಗಿದೇ ಇಲ್ಲ ಅಂತ ಬಂದರೆ, ಇತ್ತೀಚೆಗೆ ಅಳಿಸಿದ್ದಾರೆ ಅಥವಾ ಬ್ಯಾಟರಿ ತೆಗೆದಿದ್ದಾರೆ. ಯಾಕೆ ಅಂತ ಕೇಳಿ.

ಸ್ಕ್ಯಾನರ್ ಇಲ್ಲದೆಯೂ ಒಂದು ಪರೀಕ್ಷೆ ಇದೆ. ಇಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ. ಇಂಜಿನ್, ಎಬಿಎಸ್, ಏರ್‌ಬ್ಯಾಗ್ ಐಕಾನ್‌ಗಳು ಒಮ್ಮೆ ಉರಿಯಲೇಬೇಕು. ಉರಿಯದಿದ್ದರೆ ದೋಷ ಮುಚ್ಚಲು ಆ ಲೈಟನ್ನೇ ಬಂದ್ ಮಾಡಿರಬಹುದು. ಹಡಪಸರ್‌ನಲ್ಲಿ ಕಾಕಾ ಅವರ ಮಗನ ಜೊತೆ ಒಂದು ಗಾಡಿ ನೋಡಲು ಹೋಗಿದ್ದೆ. ಏರ್‌ಬ್ಯಾಗ್ ಲೈಟ್ ಉರಿಯಲೇ ಇಲ್ಲ. "ಹೊಸ ಮಾಡೆಲ್ ಸಾಹೇಬ್, ಇದರಲ್ಲಿ ಬರೋದಿಲ್ಲ" ಅಂದ ಮಾರುವವನು. ಪಕ್ಕದಲ್ಲೇ ಅದೇ ಮಾಡೆಲ್‌ನ ಇನ್ನೊಂದು ಗಾಡಿ ನಿಂತಿತ್ತು. ಅದರ ಕೀ ಕೊಡಿ ಅಂದೆ. ಅದರಲ್ಲಿ ಉರಿಯಿತು.